ಒಗೆಯಬಾರದ ಬಟ್ಟೆ

ನನ್ನ ತಂಗಿಯ ಮಗಳ ಹತ್ತಿರ ಒಂದು ಬಟ್ಟೆ ಇದೆ. ಅದರ ಹೆಸರು ಅಂಚಿ. ಹೆಸರಿಟ್ಟವಳೂ ಅವಳೇ. ನಮ್ಮಮ್ಮನ ಹಳೆ ಕಾಟನ್ ಸೀರೆಯ ತುಂಡು ಅದು. ಒಂದು ಕಾಲಕ್ಕೆ ತಿಳಿ ಹಸಿರು ಇತ್ತು, ಈಗ ಯಾವ ಬಣ್ಣ ಅಂತ ಹೇಳುವುದು ಕಷ್ಟ. ಬಾಣಂತನಕ್ಕೆ ಮುಂಚೆಯೇ ಅಮ್ಮ ಆ ಸೀರೆಯನ್ನು ಒಗೆದು, ಹರಿದು, ಮಗುವನ್ನು ಸುತ್ತಲು, ಒರೆಸಲು, ತೊಟ್ಟಿಲಿಗೆ ಹಾಸಲು ಅಂತ ತುಂಡು ಮಾಡಿ ಇಟ್ಟಿದ್ದರು. ಹೊಸ ಬಟ್ಟೆ ಎಳೆ ಮೈಗೆ ಚುಚ್ಚುತ್ತದೆ, ವರ್ಷಗಟ್ಟಲೆ ಉಟ್ಟು ಒಗೆದ ಸೀರೆಯಷ್ಟು ಮೆತ್ತಗೆ ಅಂಗಡಿಯಲ್ಲಿ ಯಾವುದೂ ಸಿಗುವುದಿಲ್ಲ ಅನ್ನುವುದು ಅವರ ಲೆಕ್ಕ.

ಆ ತುಂಡುಗಳಲ್ಲಿ ಒಂದಕ್ಕೆ ಮಾತ್ರ ಸೀರೆಯ ಅಂಚು ಉಳಿದಿತ್ತು. ಮಗು ಎಡಗೈಯ ಎರಡು ಬೆರಳು ಬಾಯಿಗೆ ಹಾಕಿಕೊಂಡು, ಬಲಗೈಯ ಬೆರಳಲ್ಲಿ ಆ ಅಂಚನ್ನು ಉಜ್ಜುತ್ತಾ ಮಲಗಲು ಶುರು ಮಾಡಿತು. ಆಮೇಲೆ ಅದಿಲ್ಲದೆ ನಿದ್ದೆ ಇಲ್ಲ, ಕಾರು ಇಲ್ಲ, ಡೇ ಕೇರ್ ಇಲ್ಲ. ಬಂದವರು ತಂದುಕೊಟ್ಟ ಕರಡಿ, ಮೊಲ, ಆನೆ ಗೊಂಬೆಗಳೆಲ್ಲ ಸೋಫಾದ ಮೇಲೆ ಸಾಲಾಗಿ ಕೂತಿವೆ. ಅವನ್ನು ಕೇಳುವವರಿಲ್ಲ.

ತಂಗಿಯ ಅತ್ತೆಗೆ ಇದು ಸರಿಬರಲಿಲ್ಲ. "ಇಷ್ಟೊಂದು ಗೊಂಬೆ ಇಟ್ಕೊಂಡು ಹರಕು ಬಟ್ಟೆ ಹಿಡ್ಕೊಂಡು ಓಡಾಡಿದ್ರೆ ನೋಡಿದೋರು ಏನಂತಾರೆ?" ಅಂದರು. ಅದು ಹೋಗಲಿ ಅನ್ನಬಹುದು. ತಂಗಿಗೆ ನಾಟಿದ್ದು ಇನ್ನೊಂದು ಮಾತು. "ಅಮ್ಮ ಹತ್ರ ಇದ್ದಿದ್ರೆ ಮಗು ಬಟ್ಟೆ ಯಾಕೆ ಹಿಡ್ಕೊಳ್ತಿತ್ತು?" ಕೆಲಸಕ್ಕೆ ಹೋಗುವ ಯಾವ ತಾಯಿಗಾದರೂ ಈ ಮಾತು ಚುಚ್ಚದೆ ಇರುತ್ತದಾ? ನನಗೆ ಫೋನ್ ಮಾಡಿ ಅತ್ತಳು. ನಾನು ಮಕ್ಕಳ ಬೆಳವಣಿಗೆಯ ಬಗ್ಗೆ ಓದುವವಳು, ಆ ವಿಷಯವನ್ನೇ ಪಾಠ ಮಾಡುವವಳು. ಹಾಗಾಗಿ ಅವಳಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಕೋತಿಮರಿಗಳ ಕಥೆ. 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ಮನೋವಿಜ್ಞಾನಿ ರೀಸಸ್ ಕೋತಿಗಳನ್ನು ಸಾಕುತ್ತಿದ್ದರು. ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರೆ ಮಾಡಿ, ಬಾಟಲಿ ಹಾಲು ಕೊಟ್ಟು, ತಂತಿಯ ಪಂಜರದಲ್ಲಿ ಬೆಳೆಸುತ್ತಿದ್ದರು. ಪಂಜರದ ನೆಲಕ್ಕೆ ಮಗುವಿನ ಲಂಗೋಟಿಗೆ ಬಳಸುವಂಥ ತೆಳು ಬಟ್ಟೆ ಹಾಸುತ್ತಿದ್ದರು. ಅದನ್ನು ದಿನಾ ಬದಲಿಸಬೇಕು, ಇಲ್ಲದಿದ್ದರೆ ಗಲೀಜು. ಆದರೆ ಬದಲಿಸಲು ಕೈ ಹಾಕಿದರೆ ಮರಿಗಳು ಆ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ರಂಪ ಮಾಡುತ್ತಿದ್ದವು. ಹೊಟ್ಟೆ ತುಂಬಿತ್ತು, ರೋಗ ಇರಲಿಲ್ಲ. ಆದರೂ ಒಂದು ಹಾಸುಬಟ್ಟೆಗೆ ಇಷ್ಟು ಗಲಾಟೆ ಯಾಕೆ?

ಆ ಕಾಲದಲ್ಲಿ ಹೆಚ್ಚಿನ ವಿಜ್ಞಾನಿಗಳ ನಂಬಿಕೆ ಏನಿತ್ತು ಅಂದರೆ, ಮಗು ಅಮ್ಮನನ್ನು ಹಚ್ಚಿಕೊಳ್ಳುವುದೇ ಹಾಲಿಗಾಗಿ. ಹಸಿವು ಇಂಗಿಸುವವರು ಯಾರೋ ಅವರು ಬೇಕಾಗುತ್ತಾರೆ, ಅಷ್ಟೇ. ಹಾರ್ಲೋ ಇದನ್ನು ಪರೀಕ್ಷೆಗೆ ಹಚ್ಚಿದರು. ಎರಡು ಗೊಂಬೆ ತಾಯಂದಿರನ್ನು ಮಾಡಿದರು. ಒಂದು ಬರೀ ತಂತಿಯದು. ಇನ್ನೊಂದು ಮರದ ಕೊರಡಿಗೆ ಸ್ಪಂಜು ಸುತ್ತಿ, ಮೇಲೆ ಟರ್ಕಿ ಟವೆಲಿನಂಥ ಬಟ್ಟೆ ಹೊದಿಸಿದ್ದು. ಕೆಲವು ಮರಿಗಳಿಗೆ ಹಾಲಿನ ಬಾಟಲಿ ತಂತಿ ತಾಯಿಯ ಮೇಲೆ ಮಾತ್ರ ಸಿಗುವಂತೆ ಮಾಡಿದರು. ಆ ಮರಿಗಳು ತಂತಿಯ ಮೇಲೆ ಹತ್ತಿ ಹಾಲು ಕುಡಿದವು. ಕುಡಿದಾದ ಕೂಡಲೇ ಇಳಿದು ಬಟ್ಟೆ ತಾಯಿಯ ಹತ್ತಿರ ಓಡಿದವು. ದಿನದ ಬಹುಪಾಲು ಹೊತ್ತು ಅದನ್ನೇ ಅಪ್ಪಿಕೊಂಡಿರುತ್ತಿದ್ದವು. ಡೋಲು ಬಡಿಯುವ ಕೀಲುಗೊಂಬೆ ಬಿಟ್ಟು ಹೆದರಿಸಿದರೆ ಓಡಿಹೋಗುತ್ತಿದ್ದುದು ಬಟ್ಟೆಯ ಕಡೆಗೇ. ಸ್ವಲ್ಪ ಹೊತ್ತು ಅದಕ್ಕೆ ಮೈ ಉಜ್ಜಿಕೊಂಡ ಮೇಲೆ, ತಿರುಗಿ ಆ ಡೋಲಿನ ಗೊಂಬೆಯನ್ನು ನೋಡುವ ಧೈರ್ಯವೂ ಬರುತ್ತಿತ್ತು. ಇದೆಲ್ಲ 1958ರಲ್ಲಿ ಪ್ರಕಟವಾಯಿತು.

ಇದನ್ನು ಓದಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಆ ಮರಿಗಳು ದೊಡ್ಡವಾದ ಮೇಲೆ ಬೇರೆ ಕೋತಿಗಳ ಜೊತೆ ಬೆರೆಯಲಾರದೆ ಹೋದವು. ಮರಿ ಹಾಕಿದ ಕೆಲವು ಹೆಣ್ಣುಗಳಿಗೆ ಮರಿಯನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬಟ್ಟೆ ಸಮಾಧಾನ ಕೊಟ್ಟಿತ್ತು, ಆದರೆ ಅದು ತಿರುಗಿ ಅಪ್ಪಿಕೊಂಡಿರಲಿಲ್ಲ, ಗದರಿರಲಿಲ್ಲ, ಆಡಿಸಿರಲಿಲ್ಲ. ಪ್ರಯೋಗವೂ ಕ್ರೂರವೇ, ಈಗ ಅಂಥದ್ದನ್ನು ಮಾಡಲು ಸುಲಭಕ್ಕೆ ಬಿಡುವುದಿಲ್ಲ. ಅತ್ತೆಯವರ ಮಾತಿಗೆ ಇದರಲ್ಲಿ ಅರ್ಧ ಉತ್ತರ ಇದೆ. ಮೆತ್ತಗಿನದನ್ನು ಹಿಡಿದುಕೊಳ್ಳಬೇಕು ಅನ್ನುವುದು ಹಸಿವಿನಷ್ಟೇ ಹಳೆಯ ಆಸೆ, ಅದು ಹಟವಲ್ಲ. ಆದರೆ ಅಂಚಿ ಹಿಡಿದ ನಮ್ಮ ಹುಡುಗಿ ಆ ಕೋತಿಮರಿಯ ಹಾಗೆ ಅಲ್ಲ. ಅವಳಿಗೆ ಅಮ್ಮ ಇದ್ದಾಳೆ. ಅಮ್ಮ ಇದ್ದೂ ಬಟ್ಟೆ ಯಾಕೆ?

ಇದಕ್ಕೆ ಉತ್ತರ ಹುಡುಕಿದವರು ಲಂಡನ್ನಿನ ಡೊನಾಲ್ಡ್ ವಿನ್ನಿಕಾಟ್. ಮಕ್ಕಳ ವೈದ್ಯರು, ಜೊತೆಗೆ ಮನೋವಿಶ್ಲೇಷಕರು. ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು. ಸಾವಿರಾರು ತಾಯಂದಿರು ಮಗುವನ್ನು ಎತ್ತಿಕೊಂಡು ಅವರ ಕೋಣೆಗೆ ಬಂದಾಗ ಮಗುವಿನ ಕೈಯಲ್ಲಿ ಏನಿದೆ ಅಂತ ಅವರು ನೋಡುತ್ತಿದ್ದರು. 1951ರಲ್ಲಿ ಓದಿದ ಒಂದು ಪ್ರಬಂಧದಲ್ಲಿ ಈ ಚಿಂದಿ ಬಟ್ಟೆ, ಕಂಬಳಿಯ ತುದಿ, ಕರಡಿ ಗೊಂಬೆಗಳ ಬಗ್ಗೆ ಬರೆದರು. ಅದಕ್ಕೆ ಮುಂಚೆ ದೊಡ್ಡವರಲ್ಲಿ ಹೆಚ್ಚಿನವರು ಇದನ್ನು ಮಾತಾಡುವ ವಿಷಯ ಅಂತಲೇ ಅಂದುಕೊಂಡಿರಲಿಲ್ಲ.

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮೊದಮೊದಲು ಮಗುವಿಗೆ ಅಮ್ಮ ಬೇರೆ, ತಾನು ಬೇರೆ ಅನ್ನುವುದು ಗೊತ್ತಿಲ್ಲ. ಅತ್ತರೆ ಹಾಲು ಬರುತ್ತದೆ, ತನ್ನ ಆಸೆಯೇ ಹಾಲನ್ನು ತಂದಿತು ಅನ್ನುವ ಹಾಗೆ. ದಿನ ಕಳೆದಂತೆ ಆ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಅಮ್ಮ ಕೆಲವೊಮ್ಮೆ ತಡವಾಗಿ ಬರುತ್ತಾಳೆ, ಬೇರೆ ಕೋಣೆಯಲ್ಲಿರುತ್ತಾಳೆ, ಬೇರೆಯವರ ಜೊತೆ ಮಾತಾಡುತ್ತಿರುತ್ತಾಳೆ. ಅವಳು ತನ್ನ ಕೈಯಲ್ಲಿಲ್ಲ ಅಂತ ಮಗುವಿಗೆ ತಿಳಿಯತೊಡಗುತ್ತದೆ. ಇದು ಸಣ್ಣ ಸುದ್ದಿಯಲ್ಲ. ಈ ಹೊತ್ತಿನಲ್ಲೇ, ವಿನ್ನಿಕಾಟ್ ಕಂಡಂತೆ ನಾಲ್ಕು ತಿಂಗಳಿಂದ ಹನ್ನೆರಡು ತಿಂಗಳ ಒಳಗೆ, ಮಗು ಒಂದು ವಸ್ತುವನ್ನು ಹಿಡಿದುಕೊಳ್ಳುತ್ತದೆ. ಅದು ಅಮ್ಮನೂ ಅಲ್ಲ, ತನ್ನ ಹೆಬ್ಬೆರಳಿನ ಹಾಗೆ ತನ್ನ ಮೈಯೂ ಅಲ್ಲ. ಎರಡರ ನಡುವಿನದು. ಅಮ್ಮ ಎದ್ದು ಹೋಗುತ್ತಾಳೆ, ಅದು ಹೋಗುವುದಿಲ್ಲ. ಕಚ್ಚಿದರೂ, ಎಸೆದರೂ, ಎಳೆದಾಡಿದರೂ ಕೋಪ ಮಾಡಿಕೊಳ್ಳುವುದಿಲ್ಲ. ಮಗುವಿನ ಪೂರ್ತಿ ಹಕ್ಕಿನಲ್ಲಿರುವ ಮೊದಲ ಆಸ್ತಿ ಅದು.

ಅವರ ಪ್ರಬಂಧದಲ್ಲಿ ಇಬ್ಬರು ಅಣ್ಣತಮ್ಮಂದಿರ ಕಥೆ ಬರುತ್ತದೆ, ನನಗೆ ತುಂಬಾ ಇಷ್ಟ. ತಮ್ಮ ಎಳೆಗೂಸಾಗಿದ್ದಾಗಲೇ ಹೆಬ್ಬೆರಳು ಚೀಪುತ್ತಿದ್ದ. ಆಮೇಲೆ ಕಂಬಳಿಯ ಹೊಲಿಗೆ ಮುಗಿಯುವ ಮೂಲೆಯಲ್ಲಿ ಹೊರಬಂದಿದ್ದ ಉಣ್ಣೆಯ ಎಳೆಗಳನ್ನು ಹಿಡಿದುಕೊಂಡ. ಅದಕ್ಕೆ "ಬಾ" ಅಂತ ಹೆಸರನ್ನೂ ಇಟ್ಟ. ಅಣ್ಣನದು ಬೇರೆ. ಅವನು ಬೆರಳು ಚೀಪಿದವನಲ್ಲ, ಅಮ್ಮನನ್ನೇ ಬಲವಾಗಿ ಅಂಟಿಕೊಂಡಿದ್ದವನು. ಅವನಿಗೊಂದು ಮೊಲದ ಗೊಂಬೆ ಇತ್ತು, ಮುದ್ದಿಸುತ್ತಿದ್ದ. ಆದರೆ ಅದು ತಮ್ಮನ ಕಂಬಳಿ ಮೂಲೆಯಷ್ಟು ಆಳಕ್ಕೆ ಇಳಿಯಲಿಲ್ಲ. ಅಂದರೆ ಒಂದೇ ಮನೆ, ಒಂದೇ ತಾಯಿ, ಎರಡು ಮಕ್ಕಳು ಎರಡು ಥರ. ಬಟ್ಟೆ ಹಿಡಿದ ಮಗುವಿಗೆ ತಾಯಿ ಕಡಿಮೆ ಸಿಕ್ಕಿದ್ದಾಳೆ ಅನ್ನುವುದು ಈ ಕಥೆಯಲ್ಲಿ ತಲೆಕೆಳಗಾಗುತ್ತದೆ. ವಿನ್ನಿಕಾಟ್ ಹೇಳುವುದೂ ಅದನ್ನೇ. ಒಳಗೆ ಒಬ್ಬ ಸಾಕಷ್ಟು ಒಳ್ಳೆಯ ಅಮ್ಮ ನೆಲೆಯಾಗಿದ್ದರೆ ಮಾತ್ರ ಮಗು ಆ ಒಳ್ಳೆಯತನವನ್ನು ಒಂದು ಬಟ್ಟೆಯ ತುಂಡಿಗೆ ತುಂಬಬಲ್ಲದು. ನಿಜವಾದ ಅಮ್ಮ ಬಹಳ ಕಾಲ ಸಿಗದೇ ಹೋದರೆ ಬಟ್ಟೆಗೂ ಅರ್ಥ ಉಳಿಯುವುದಿಲ್ಲ.

ತಂಗಿಯ ಮನೆಯ ಲೆಕ್ಕ ಇಲ್ಲಿ ನೋಡಿ. ನಮ್ಮ ದೇಶದ ಕಾನೂನಿನಲ್ಲಿ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, 2017ರ ತಿದ್ದುಪಡಿಯಿಂದ. ಹೆರಿಗೆಗೆ ಮುಂಚೆ ಸ್ವಲ್ಪ ತೆಗೆದುಕೊಂಡರೆ, ಮಗುವಿಗೆ ಐದು ತಿಂಗಳು ತುಂಬುವ ಹೊತ್ತಿಗೆ ರಜೆ ಮುಗಿಯುತ್ತದೆ. ಸೇರಿಸಿಟ್ಟ ರಜೆ, ಸಂಬಳವಿಲ್ಲದ ರಜೆ ಎಲ್ಲ ಹಾಕಿ ತಂಗಿ ಇನ್ನಷ್ಟು ಎಳೆದಳು. ಎಂಟು ತಿಂಗಳ ಸುಮಾರಿಗೆ ಆಫೀಸು. ಮಕ್ಕಳಲ್ಲಿ ಅಗಲಿಕೆಯ ಭಯ ಎದ್ದು ಕಾಣಲು ಶುರುವಾಗುವುದೂ ಸರಿಯಾಗಿ ಆ ಸುಮಾರಿಗೇ. ಕಣ್ಣಿಗೆ ಕಾಣದ ವಸ್ತು ಎಲ್ಲೋ ಇದೆ ಅಂತ ಮಗುವಿಗೆ ಆಗ ಗೊತ್ತಾಗತೊಡಗುತ್ತದೆ. ಅಮ್ಮ ಬಾಗಿಲು ಹಾಕಿಕೊಂಡು ಹೋದಳು, ಎಲ್ಲೋ ಇದ್ದಾಳೆ, ಇಲ್ಲಿಲ್ಲ. ಇದು ಗೊತ್ತಾಗದಿದ್ದಾಗ ಅಳುವೂ ಇರಲಿಲ್ಲ. ಅಂಚಿಯ ಮೇಲೆ ಹುಡುಗಿಯ ಹಿಡಿತ ಗಟ್ಟಿಯಾಗಿದ್ದು ಆ ತಿಂಗಳಲ್ಲೇ. ತಂಗಿ ಆಫೀಸಿಗೆ ಹೋಗದೆ ಮನೆಯಲ್ಲೇ ಇದ್ದಿದ್ದರೂ ಆ ತಿಂಗಳು ಬರುತ್ತಿತ್ತು. ಆಗ ಮಗು ಸ್ನಾನದ ಮನೆಯ ಬಾಗಿಲ ಹೊರಗೆ ಕೂತು ಅಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಇನ್ನು ಒಗೆಯುವ ಸಮಾಚಾರ. ಒಂದು ಭಾನುವಾರ ತಂಗಿಯ ಗಂಡ ಮನೆಯೆಲ್ಲ ಕ್ಲೀನ್ ಮಾಡುವ ಹುರುಪಿನಲ್ಲಿ ಅಂಚಿಯನ್ನೂ ವಾಷಿಂಗ್ ಮಷೀನಿಗೆ ಹಾಕಿದರು. ಬಟ್ಟೆ ಘಮಘಮ ಅನ್ನಲಿ ಅಂತ ಒಂದು ಮುಚ್ಚಳ ಸುವಾಸನೆಯ ದ್ರಾವಣವನ್ನೂ ಸುರಿದರು. ಮಧ್ಯಾಹ್ನ ಮಗು ಅದನ್ನು ಮೂಗಿಗೆ ಹಿಡಿಯಿತು. ಮುಖ ಕಿವುಚಿತು. ಎಸೆಯಿತು. ಆಮೇಲೆ ಮತ್ತೆ ಹೋಗಿ ಎತ್ತಿಕೊಂಡು ಮೂಸಿತು, ಮತ್ತೆ ಎಸೆದು ಜೋರಾಗಿ ಅತ್ತಿತು. ಕಣ್ಣಿಗೆ ಅದೇ ಬಟ್ಟೆ, ಬೆರಳಿಗೆ ಅದೇ ಅಂಚು. ಆದರೆ ಅಲ್ಲಿ ಅಂಚಿ ಇರಲಿಲ್ಲ.

ವಾಸನೆಯನ್ನು ನಾವು ದೊಡ್ಡವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಳೆಮಕ್ಕಳಿಗೆ ಅದು ಮುಖ್ಯ ದಾರಿಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ 1975ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಮಲಗಿದ ಹಸುಗೂಸಿನ ಮುಖದ ಎರಡೂ ಬದಿಗೆ ಎರಡು ಬಟ್ಟೆ ಪ್ಯಾಡ್ ಇಟ್ಟರು. ಒಂದು ಅದರ ಅಮ್ಮ ಎದೆಗೆ ಇಟ್ಟುಕೊಂಡಿದ್ದದ್ದು, ಇನ್ನೊಂದು ಬೇರೆ ಬಾಣಂತಿಯದ್ದು. ಹುಟ್ಟಿ ಒಂದು ವಾರದ ಸುಮಾರಿಗೇ ಕೂಸುಗಳು ತಮ್ಮ ಅಮ್ಮನ ಪ್ಯಾಡಿನ ಕಡೆಗೇ ಹೆಚ್ಚು ತಿರುಗಿದವು. ಒಂದು ವಾರದ ಕೂಸಿಗೇ ಅಷ್ಟು ತಿಳಿದರೆ, ತಿಂಗಳುಗಟ್ಟಲೆ ಅಪ್ಪಿಕೊಂಡ ಬಟ್ಟೆಯ ವಾಸನೆ ಒಂದೂವರೆ ವರ್ಷದ ಮಗುವಿಗೆ ಎಷ್ಟು ಚೆನ್ನಾಗಿ ಗೊತ್ತಿರಬೇಡ? ಹಾಲು, ಜೊಲ್ಲು, ಬೆವರು, ಅಮ್ಮನ ಮೈ, ಹಾಸಿಗೆ, ಎಲ್ಲ ಬೆರೆತ ಅದರ ವಾಸನೆ ನಮಗೆ ಗಬ್ಬು. ಒಗೆದರೆ ಮಗುವಿನ ಅನುಭವದ ಎಳೆ ಕಡಿದಂತಾಗುತ್ತದೆ, ಆ ವಸ್ತುವಿನ ಬೆಲೆಯೇ ಹೋಗಬಹುದು, ಅದಕ್ಕೇ ತಾಯಂದಿರು ಅದು ಕೊಳಕಾಗಲಿ ಅಂತ ಬಿಡುತ್ತಾರೆ ಎಂದು ವಿನ್ನಿಕಾಟ್ ಕೂಡ ಬರೆದಿದ್ದಾರೆ.

ಹಾಗಂತ ಒಗೆಯದೇ ಇರಲು ಆಗುತ್ತದಾ? ವಾಂತಿ ಆದಾಗ, ಆಸ್ಪತ್ರೆಯಿಂದ ಬಂದಾಗ ಒಗೆಯಲೇಬೇಕು. ತಂಗಿ ಕಂಡುಕೊಂಡ ದಾರಿ ಇದು. ವಾಸನೆಯಿಲ್ಲದ ಸೋಪು, ಬರೀ ಕೈಯಲ್ಲಿ. ಒಣಗಿದ ಮೇಲೆ ತಾನು ಹಿಂದಿನ ದಿನ ಹಾಕಿಕೊಂಡ ನೈಟಿಯೊಳಗೆ ಸುತ್ತಿ ರಾತ್ರಿಯಿಡೀ ಇಡುವುದು. ಮತ್ತು ಮಗುವಿನ ಕಣ್ಣೆದುರಿಗೇ ಒಗೆಯುವುದು. ಅಂಚಿಗೆ ಸ್ನಾನ ಅಂತ ಹೇಳಿ, ಬಕೆಟ್ಟಿನಲ್ಲಿ ಅವಳ ಕೈಯಲ್ಲೇ ಅದ್ದಿಸಿದರೆ ಅರ್ಧ ಗಲಾಟೆ ಇಲ್ಲ. ಬದಲಾವಣೆ ಮಾಡುವವಳು ಅವಳೇ ಆದರೆ ಅವಳಿಗೆ ಒಪ್ಪಿಗೆ. ಬೇರೆಯವರು ಕದ್ದು ಮಾಡಿದರೆ ಮಾತ್ರ ದ್ರೋಹ.

ಅದೇ ಸೀರೆಯ ಬೇರೆ ತುಂಡುಗಳು ಅಮ್ಮನ ಬೀರುವಿನಲ್ಲಿ ಇದ್ದವು. ಒಂದನ್ನು ಮಡಚಿ ಅಂಚಿ ಅಂತ ಕೊಟ್ಟು ನೋಡಿದರು. ಹುಡುಗಿ ಬೆರಳಲ್ಲಿ ಅಂಚು ಹುಡುಕಿದಳು, ಸಿಗಲಿಲ್ಲ, ತಿರುಗಿ ಕೈಗೆ ಕೊಟ್ಟಳು. ಅಂಚು ಇದ್ದಿದ್ದರೆ ಒಪ್ಪುತ್ತಿದ್ದಳಾ? ನನಗೆ ಅನುಮಾನ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಇಬ್ಬರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದು ಯಂತ್ರ ತೋರಿಸಿದರು. ದೀಪ, ಗುಂಡಿಗಳಿದ್ದ ಪೆಟ್ಟಿಗೆಗಳು. ಒಂದರಲ್ಲಿ ವಸ್ತು ಇಟ್ಟರೆ ಇನ್ನೊಂದರಲ್ಲಿ ಅದರ ನಕಲು ಬರುತ್ತದೆ ಅಂತ ಮಕ್ಕಳನ್ನು ನಂಬಿಸಿದರು. ನಿಜಕ್ಕೂ ಅದು ಕೈಚಳಕ. ಸುಮ್ನೆ ಇಷ್ಟವಾದ ಆಟಿಕೆಯಾದರೆ ಮಕ್ಕಳು ಖುಷಿಯಿಂದ ಕೊಟ್ಟರು, ಬಹಳಷ್ಟು ಮಕ್ಕಳು ಹೊಸ ನಕಲನ್ನೇ ಒಯ್ಯಲು ಬಯಸಿದರು. ರಾತ್ರಿ ಜೊತೆಗಿಟ್ಟುಕೊಂಡು ಮಲಗುವ ಗೊಂಬೆ, ಬಟ್ಟೆಯಾದರೆ ಕಥೆಯೇ ಬೇರೆ. ಕೆಲವು ಮಕ್ಕಳು ಪೆಟ್ಟಿಗೆಯೊಳಗೆ ಇಡಲೂ ಬಿಡಲಿಲ್ಲ. ಇಟ್ಟವರಲ್ಲಿ ಹೆಚ್ಚಿನವರು ತಮ್ಮ ಹಳೆಯದೇ ಬೇಕು ಅಂದರು. ನೋಡಲು ಥೇಟ್ ಹಾಗೇ ಇದ್ದರೆ ಸಾಲದು, ಅದೇ ಆಗಿರಬೇಕು. ತಾಳಿ ಕಳೆದುಹೋದರೆ ಅಷ್ಟೇ ತೂಕದ ಇನ್ನೊಂದು ಮಾಡಿಸಬಹುದು, ಆದರೂ ನಮ್ಮ ಹೆಂಗಸರು ವರ್ಷಗಟ್ಟಲೆ ಆ ಹಳೆಯದನ್ನೇ ನೆನೆಯುತ್ತಾರೆ ಅಲ್ವಾ? ಮಕ್ಕಳ ತರ್ಕವೂ ಅದೇ.

ಹಾಗಾಗಿ ಜೋಡಿ ಬಟ್ಟೆ ಬೇಕೆಂದರೆ ಮೊದಲೇ ತಯಾರಿ ಬೇಕು. ಮಗು ಒಂದನ್ನು ಆರಿಸಿಕೊಳ್ಳುತ್ತಿದೆ ಅಂತ ಕಂಡ ಮೊದಲ ವಾರಗಳಲ್ಲೇ ಅದನ್ನು ಎರಡಾಗಿ ಕತ್ತರಿಸಿ, ಒಂದು ದಿನ ಇದು, ಒಂದು ದಿನ ಅದು ಅಂತ ಕೊಡುತ್ತಾ ಬಂದರೆ ಎರಡಕ್ಕೂ ಒಂದೇ ವಾಸನೆ, ಒಂದೇ ಸವಕಲು ಬರುತ್ತದೆ. ವರ್ಷ ಆದ ಮೇಲೆ ಬೀರುವಿನಿಂದ ಹೊಸದನ್ನು ತೆಗೆದರೆ ಮಗು ಮೋಸ ಹೋಗುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅಮ್ಮ ಒಂದು ಪ್ರಶ್ನೆ ಹಾಕಿದರು. "ನಿಮ್ಮಿಬ್ಬರಿಗೂ ಇಂಥದ್ದು ಏನೂ ಇರಲಿಲ್ಲವಲ್ಲೇ. ನಮ್ಮ ಕಾಲದ ಮಕ್ಕಳಿಗೆ ಇದೆಲ್ಲ ಎಲ್ಲಿತ್ತು?" ಪ್ರಶ್ನೆ ಸರಿಯಾಗಿಯೇ ಇದೆ. ಎಲ್ಲ ಮಕ್ಕಳೂ ಬಟ್ಟೆ ಹಿಡಿಯುವುದಿಲ್ಲ, ಎಲ್ಲ ಊರಿನಲ್ಲೂ ಒಂದೇ ಪ್ರಮಾಣದಲ್ಲಿ ಹಿಡಿಯುವುದಿಲ್ಲ. ಇಟಲಿಯ ಗಡ್ಡೀನಿ ದಂಪತಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿಯ ಮಕ್ಕಳಲ್ಲಿ ಇಂಥ ವಸ್ತು ಇದ್ದದ್ದು ನೂರಕ್ಕೆ 5 ಜನಕ್ಕೆ ಮಾತ್ರ. ರೋಮ್ ನಗರದ ಮಕ್ಕಳಲ್ಲಿ ನೂರಕ್ಕೆ 31. ಅದೇ ರೋಮಿನಲ್ಲಿ ವಾಸಿಸುತ್ತಿದ್ದ ಇಂಗ್ಲಿಷ್ ಮಾತಿನ ವಿದೇಶಿ ಕುಟುಂಬಗಳ ಮಕ್ಕಳಲ್ಲಿ ನೂರಕ್ಕೆ 60 ದಾಟಿತ್ತು. ಕೆಲವು ವರ್ಷಗಳ ನಂತರ ಕೊರಿಯಾ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದಾಗಲೂ ಹೀಗೇ. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಕೊರಿಯಾದಲ್ಲಿ ಐದರಲ್ಲಿ ಒಂದಕ್ಕಿಂತ ಕಡಿಮೆ. ವ್ಯತ್ಯಾಸಕ್ಕೆ ಸಂಶೋಧಕರು ಮುಖ್ಯವಾಗಿ ತೋರಿಸಿದ್ದು ಮಗು ಎಲ್ಲಿ, ಹೇಗೆ ಮಲಗುತ್ತದೆ ಅನ್ನುವುದನ್ನು. ಅಮ್ಮನ ಪಕ್ಕದಲ್ಲಿ ಮಲಗಿ, ಹಾಲು ಕುಡಿಯುತ್ತಾ ನಿದ್ದೆ ಹೋಗುವ ಮಗುವಿಗೆ ನಿದ್ದೆಯ ಹೊಸ್ತಿಲನ್ನು ಒಂಟಿಯಾಗಿ ದಾಟುವ ಪ್ರಮೇಯವೇ ಬರುವುದಿಲ್ಲ.

ನಮ್ಮ ಕಡೆ ಮಕ್ಕಳು ಹಿಡಿದುಕೊಂಡಿದ್ದು ಬಟ್ಟೆಯನ್ನಲ್ಲ, ಮನುಷ್ಯರನ್ನು. ನಾನು ಅಮ್ಮನ ಕಿವಿಯ ಹಾಲೆ ಹಿಸುಕುತ್ತಾ ಮಲಗುತ್ತಿದ್ದೆನಂತೆ. ತಂಗಿ ಅಜ್ಜಿಯ ಮೊಣಕೈಯ ಸಡಿಲ ಚರ್ಮ ಎಳೆಯುತ್ತಿದ್ದಳು. ನಮ್ಮ ದೊಡ್ಡಪ್ಪನ ಮಗ ಅಮ್ಮನ ಜಡೆಯ ತುದಿಯನ್ನು ಮೂಗಿಗೆ ಸವರಿಕೊಳ್ಳುತ್ತಿದ್ದ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಮಲಗಿದ ಮಕ್ಕಳನ್ನು ನೋಡದವರು ಯಾರಿದ್ದಾರೆ? ಕೆಲಸ ಅದೇ, ಸಾಮಾನು ಬೇರೆ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. "ಹೌದು ಕಣೆ, ಓಲೆ ಬಿಚ್ಚಿಟ್ಟೇ ಮಲಗಬೇಕಿತ್ತು" ಅಂದರು.

ಈಗಿನ ಫ್ಲ್ಯಾಟಿನಲ್ಲಿ ಕಿವಿಗಳ ಸಂಖ್ಯೆ ಕಡಿಮೆ. ಒಬ್ಬಳು ಅಮ್ಮ, ಒಬ್ಬ ಅಪ್ಪ, ಇಬ್ಬರಿಗೂ ಲ್ಯಾಪ್‌ಟಾಪ್. ಡೇ ಕೇರಿನ ಆಯಾ ಒಳ್ಳೆಯವರೇ ಇರಬಹುದು, ಆದರೆ ಮಧ್ಯಾಹ್ನ ಮಲಗುವ ಅಷ್ಟೂ ಮಕ್ಕಳಿಗೆ ಅವರ ಎರಡು ಕಿವಿ ಸಾಲುವುದಿಲ್ಲ. ಅಂಥಲ್ಲಿ ಒಂದು ಸೀರೆ ತುಂಡು ಬರುತ್ತದೆ. ಅದೂ ಅಜ್ಜಿಯ ಸೀರೆ. ಮಗು ಮಾಡಿಕೊಂಡ ಈ ಏರ್ಪಾಟನ್ನು ನಾನಂತೂ ಜಾಣತನ ಅನ್ನುತ್ತೇನೆ.

ಜಾಣತನ ಅನ್ನುವುದು ಬರೀ ಪ್ರೀತಿಯ ಮಾತಲ್ಲ, ಅಳೆದು ನೋಡಿದವರಿದ್ದಾರೆ. ಅಮೆರಿಕದ ರಿಚರ್ಡ್ ಪ್ಯಾಸ್ಮನ್ 1970ರ ದಶಕದಿಂದ ಇದನ್ನೇ ಬಿಡದೆ ಅಧ್ಯಯನ ಮಾಡಿದರು. ಗೊತ್ತಿಲ್ಲದ ಒಂದು ಕೋಣೆ, ಅಲ್ಲಿ ಹೊಸ ಆಟಿಕೆಗಳು. ಪುಟ್ಟ ಮಕ್ಕಳನ್ನು ಕೆಲವರನ್ನು ಅಮ್ಮನ ಜೊತೆ, ಕೆಲವರನ್ನು ತಮ್ಮ ಕಂಬಳಿಯ ಜೊತೆ, ಕೆಲವರನ್ನು ಬರೀ ಇಷ್ಟದ ಆಟಿಕೆಯ ಜೊತೆ, ಕೆಲವರನ್ನು ಏನೂ ಇಲ್ಲದೆ ಬಿಟ್ಟರು. ಕಂಬಳಿಗೆ ಅಂಟಿಕೊಂಡ ಮಕ್ಕಳು ಕಂಬಳಿ ಇದ್ದಾಗ, ಅಮ್ಮ ಜೊತೆಗಿದ್ದ ಮಕ್ಕಳಷ್ಟೇ ಓಡಾಡಿದರು, ಆಡಿದರು, ಮೂಲೆ ಮೂಲೆ ನೋಡಿದರು. ಅಂಟಿಕೊಳ್ಳದ ಮಕ್ಕಳಿಗೆ ಕಂಬಳಿ ಕೊಟ್ಟರೂ ಉಪಯೋಗವಾಗಲಿಲ್ಲ. ಅಂದರೆ ಮಾಯೆ ಉಣ್ಣೆಯಲ್ಲಿಲ್ಲ. ಅಂಗಡಿಯಲ್ಲಿ "ಕಂಫರ್ಟರ್" ಅಂತ ಚೀಟಿ ಅಂಟಿಸಿ ಮಾರುವುದನ್ನು ದುಬಾರಿ ದುಡ್ಡು ಕೊಟ್ಟು ತಂದು, ಮಗು ಇದನ್ನೇ ಹಚ್ಚಿಕೊಳ್ಳಲಿ ಅಂದರೆ ಅದು ನಮ್ಮ ಆಸೆ ಮಾತ್ರ.

2000ದಲ್ಲಿ ಅವರದೇ ತಂಡ ಮೂರು ವರ್ಷದ ಮಕ್ಕಳನ್ನು ವೈದ್ಯರ ತಪಾಸಣೆಯ ಹೊತ್ತಿನಲ್ಲಿ ನೋಡಿತು. ಕಂಬಳಿ ಹಚ್ಚಿಕೊಂಡ ಮಗುವಿನ ಕೈಯಲ್ಲಿ ಕಂಬಳಿ ಇದ್ದರೆ, ಅಮ್ಮ ಪಕ್ಕದಲ್ಲಿದ್ದಾಗಿನ ಹಾಗೆಯೇ ಗಾಬರಿ ಕಡಿಮೆ ಇತ್ತು. ಹೃದಯ ಬಡಿತ, ರಕ್ತದ ಒತ್ತಡವೂ ಅದನ್ನೇ ಹೇಳಿದವು. ಆದರೆ ಇದಕ್ಕೊಂದು ಮಿತಿ ಇದೆ, ಅದನ್ನೂ ಮೊದಲೇ ಅವರೇ ತೋರಿಸಿದ್ದರು. ಭಯ ಸಣ್ಣದಿದ್ದಾಗ ಕಂಬಳಿ ಅಮ್ಮನಷ್ಟೇ ಕೆಲಸ ಮಾಡುತ್ತದೆ. ಭಯ ಏರಿದಾಗ ಕಂಬಳಿ ಸೋಲುತ್ತದೆ, ಅಮ್ಮ ಸೋಲುವುದಿಲ್ಲ. ತಂಗಿಯ ಮಗಳು ಇಂಜೆಕ್ಷನ್ ಕೊಡುವವರ ಮೇಜಿನ ತನಕ ಅಂಚಿ ಹಿಡಿದು ಧೈರ್ಯವಾಗಿ ಬರುತ್ತಾಳೆ. ಸೂಜಿ ಕಂಡ ಕೂಡಲೇ ಅಂಚಿ ನೆಲಕ್ಕೆ, ಎರಡೂ ಕೈ ಅಮ್ಮನ ಕುತ್ತಿಗೆಗೆ. ಅತ್ತೆಯವರ ಮಾತಿಗೆ ಉಳಿದರ್ಧ ಉತ್ತರ ಇಲ್ಲಿದೆ. ಮಗುವಿಗೆ ಬಟ್ಟೆ ಯಾವುದು, ಅಮ್ಮ ಯಾರು ಅನ್ನುವುದರಲ್ಲಿ ಗೊಂದಲವೇ ಇಲ್ಲ.

ನೋಡಿಕೊಳ್ಳಬೇಕಾದದ್ದು ಬೇರೆ ಇವೆ. ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಸಡಿಲ ಬಟ್ಟೆ, ದಿಂಬು, ಮೆತ್ತನೆ ಗೊಂಬೆ ಇಡಬಾರದು ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಮುಖಕ್ಕೆ ಬಿದ್ದರೆ ಉಸಿರು ಕಟ್ಟುವ ಅಪಾಯ ಇರುತ್ತದೆ. ಅಂಚಿಯನ್ನು ಮೊದಲ ವರ್ಷ ತೊಡೆಯ ಮೇಲೆ, ಎಚ್ಚರವಿದ್ದಾಗ ಮಾತ್ರ ಕೊಟ್ಟು, ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ತೆಗೆದಿಡುತ್ತಿದ್ದರು. ಈಗಲೂ ಅದು ಕರವಸ್ತ್ರಕ್ಕಿಂತ ತುಸು ದೊಡ್ಡದು, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದ ಇಲ್ಲ. ಗೊಂಬೆಯಾದರೆ ಅದರ ಗುಂಡಿ ಕಣ್ಣು, ರಿಬ್ಬನ್ನು ಎಳೆದು ನೋಡಬೇಕು, ಮಗು ಅದನ್ನೇ ಮೊದಲು ಕಿತ್ತು ಬಾಯಿಗೆ ಹಾಕುವುದು. ಬೆರಳು ಚೀಪುವುದು ಬೇರೆ ಲೆಕ್ಕ, ನಾಲ್ಕು ವರ್ಷ ದಾಟಿಯೂ ಜೋರಾಗಿ ನಡೆದರೆ ಮುಂದಿನ ಹಲ್ಲು ಉಬ್ಬುವ ಸಾಧ್ಯತೆ ಇದೆ. ಅದನ್ನು ಹಲ್ಲಿನ ವೈದ್ಯರಿಗೆ ತೋರಿಸಿ, ಬಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ.

ಚಿಂತೆ ಮಾಡಬೇಕಾದ ಗುರುತು ಮಗು ಬಟ್ಟೆಯ ಜೊತೆ ಏನು ಮಾಡುತ್ತದೆ ಅನ್ನುವುದರಲ್ಲಿದೆ. ಹಿಡಿದುಕೊಂಡು ಆಡಲು ಹೋಗುತ್ತದಾ, ಅಥವಾ ಹಿಡಿದುಕೊಂಡು ಮೂಲೆ ಸೇರಿ ಯಾರೊಂದಿಗೂ ಬೆರೆಯದೆ ಕೂರುತ್ತದಾ? ಬಿದ್ದು ಪೆಟ್ಟಾದಾಗ ಅಮ್ಮ ಇದ್ದರೂ ಅವಳ ಕಡೆ ತಿರುಗದೆ ಬಟ್ಟೆಯನ್ನೇ ಹುಡುಕುತ್ತದಾ? ಹೀಗೆ ಮೂಲೆ ಸೇರುವುದು, ಅಮ್ಮನ ಕಡೆ ತಿರುಗದಿರುವುದು ದಿನಾ ಕಾಣುತ್ತಿದ್ದರೆ ಮಕ್ಕಳ ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು. ಬಿಟ್ಟಿದ್ದ ಬಟ್ಟೆಯನ್ನು ಮಗು ಮತ್ತೆ ಹುಡುಕಿ ತೆಗೆದರೆ ಅದೂ ಒಂದು ಸುದ್ದಿಯೇ. ಮನೆ ಬದಲಾಯಿತಾ, ತಮ್ಮನೋ ತಂಗಿಯೋ ಬಂದಿದ್ದಾರಾ, ಶಾಲೆಯಲ್ಲಿ ಯಾರಾದರೂ ಹೆದರಿಸಿದ್ದಾರಾ ಅಂತ ವಿಚಾರಿಸಬೇಕು.

ಅತ್ತೆಯವರು ಅದನ್ನು ಕಸಕ್ಕೆ ಹಾಕಿಬಿಡುವ ಮಾತಾಡಿದ್ದರು. ಹಾಗೆ ಕಿತ್ತುಕೊಂಡರೆ ಅಭ್ಯಾಸವೇನೋ ಹೋಗಬಹುದು, ಆದರೆ ನಿದ್ದೆಯೂ ಜೊತೆಗೆ ಹೋಗುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತನ್ನದು ಕಾಣೆಯಾಗಬಹುದು ಅಂತ ಕಲಿತ ಮಗು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರ ಬದಲು ತಂಗಿ ಅಂಚಿಯ ಜಾಗಗಳನ್ನು ಒಂದೊಂದಾಗಿ ಕಡಿಮೆ ಮಾಡಿದಳು. ಮೊದಲು ಊಟದ ಹೊತ್ತಿಗೆ ಅಂಚಿ ಕುರ್ಚಿಯ ಮೇಲೆ ಕೂರುವುದು. ಆಮೇಲೆ ಡೇ ಕೇರಿನಲ್ಲಿ ಬ್ಯಾಗಿನೊಳಗೆ, ಮಲಗುವಾಗ ಮಾತ್ರ ಹೊರಗೆ. ಡೇ ಕೇರಿನವರು ಮೊದಲು ಬೇಡವೆಂದರು. ಕೊಟ್ಟ ದಿನ ಮಗು ಬೇಗ ಮಲಗುವುದನ್ನು ನೋಡಿ ಅವರೇ ಕೇಳಿ ಇಸಿದುಕೊಳ್ಳತೊಡಗಿದರು. ಹುಡುಗಿ ನರ್ಸರಿಗೆ ಸೇರುವಾಗ ಅಂಚಿನ ಒಂದು ಚೂರನ್ನು ಅವಳನ್ನೇ ಕೇಳಿ ಕತ್ತರಿಸಿ, ಲಂಗದ ಜೇಬಿನೊಳಗೆ ಹೊಲಿದರು. ಕೈ ಜೇಬಿನಲ್ಲಿ, ಮುಖ ಟೀಚರ್ ಕಡೆಗೆ. ಯಾರಿಗೂ ಗೊತ್ತಾಗುವುದಿಲ್ಲ.

ಆಟ, ಗೆಳತಿಯರು, ಕಥೆ, ಚಿತ್ರ ಅಂತ ಮಗುವಿನ ಲೋಕ ಹರಡಿಕೊಂಡ ಹಾಗೆ ಇದರ ಕಸುವು ತಾನಾಗಿ ಇಳಿಯುತ್ತದೆ. ಮಗು ಅದನ್ನು ಮರೆಯುವುದೂ ಇಲ್ಲ, ಹೋಯಿತು ಅಂತ ಅಳುವುದೂ ಇಲ್ಲ ಎಂದು ವಿನ್ನಿಕಾಟ್ ಬರೆದಿದ್ದರು. ಈ ಬೇಸಿಗೆಯಲ್ಲಿ ಎಲ್ಲರೂ ಮೈಸೂರಿಗೆ ಬಂದಾಗ ಅಂಚಿ ಬೆಂಗಳೂರಿನಲ್ಲೇ ಉಳಿದಿತ್ತು. ಬಣ್ಣದ ಪೆನ್ಸಿಲ್ ಡಬ್ಬಿ ತುಂಬಿಕೊಳ್ಳುವ ಗಡಿಬಿಡಿಯಲ್ಲಿ ಹುಡುಗಿಗೆ ನೆನಪಾಗಿಲ್ಲ. ರಾತ್ರಿ ಒಂದು ಸಲ ಕೇಳಿದಳು, ಮನೆಯಲ್ಲಿದೆ ಅಂದಾಗ "ಸರಿ" ಅಂದು ಅಜ್ಜಿಯ ಪಕ್ಕಕ್ಕೆ ಹೊರಳಿದಳು. ತಂಗಿ ಮಾತ್ರ ಮಧ್ಯರಾತ್ರಿಯ ತನಕ ಎದ್ದು ಕೂತಿದ್ದಳು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಅಂತ. ಬೆಳಿಗ್ಗೆ ಅಮ್ಮ ಹೇಳಿದ್ದು ಇಷ್ಟೇ: "ರಾತ್ರಿಯೆಲ್ಲ ನನ್ನ ಕಿವಿ ಬಿಡಲಿಲ್ಲ ನಿನ್ನ ಮಗಳು."